ಎಷ್ಟು ವಿಕೆಟ್ ಅಂತ ಕೇಳುವ ಮೊದಲು ಎಷ್ಟು ಓವರ್ ಅಂತ ಕೇಳಿ

ನಿನ್ನೆ ರಾತ್ರಿ ನಮ್ಮ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಗೆಳೆಯನ ಮನೆಯಲ್ಲಿ ಟಿ20 ನೋಡುತ್ತಾ ಕೂತಿದ್ದೆವು. ಅವನ ತಮ್ಮ ಮೊಬೈಲ್ ಹಿಡಿದು ಬಂದ. ಇಂಗ್ಲೆಂಡಿನ ಯಾವುದೋ ಬುಕ್ಕಿ ಕೊಟ್ಟ ಲೈನ್‌ನ ಸ್ಕ್ರೀನ್‌ಶಾಟ್ ಅದರಲ್ಲಿತ್ತು. ಒಬ್ಬ ಎಡಗೈ ಸ್ಪಿನ್ನರ್, ಲೈನ್ 1.5 ವಿಕೆಟ್, ಮೇಲಿನ ಕಡೆಗೆ ದರ 3.20, ಅಂದರೆ ಎರಡು ಅಥವಾ ಹೆಚ್ಚು ತೆಗೆದರೆ ಕಟ್ಟಿದ ಒಂದು ರೂಪಾಯಿಗೆ 3.20 ವಾಪಸ್. "ಹೋದ ಮ್ಯಾಚ್‌ನಲ್ಲಿ ಮೂರು ತೆಗೆದಿದ್ದಾನೆ ಅಣ್ಣ, ಇವತ್ತು ಎರಡು ಗ್ಯಾರಂಟಿ, ಬುಕ್ಕಿಗೆ ಲೆಕ್ಕ ಬರಲ್ಲ" ಅಂದ. ಕೋಣೆಯಲ್ಲಿದ್ದವರೆಲ್ಲ ಹೌದು ಹೌದು ಅಂದರು. ನನಗೆ ಸಿಟ್ಟು ಬಂತು. ಆ ಹುಡುಗನ ಮೇಲಲ್ಲ, ಈ ವಾದದ ಮೇಲೆ. ಕಾಮೆಂಟರಿಯಲ್ಲೂ ಇದೇ, ನಮ್ಮ ವಾಟ್ಸಾಪ್ ಗುಂಪಿನಲ್ಲೂ ಇದೇ. ಹೋದ ಮ್ಯಾಚ್‌ನಲ್ಲಿ ಎಷ್ಟು ತೆಗೆದ ಅಂತ ಎಲ್ಲರೂ ಹೇಳುತ್ತಾರೆ, ಇವತ್ತು ಎಷ್ಟು ಬಾಲ್ ಹಾಕುತ್ತಾನೆ ಅಂತ ಒಬ್ಬರೂ ಕೇಳುವುದಿಲ್ಲ.

ಬಾಲ್ ಕೈಗೆ ಸಿಗದೆ ವಿಕೆಟ್ ಬೀಳುವುದಾದರೂ ಹೇಗೆ ಮಾರಾಯ್ರೆ?

ಲೆಕ್ಕ ಮಾಡಿಯೇ ನೋಡೋಣ. ಈ ಸ್ಪಿನ್ನರ್ ಸರಾಸರಿ 20 ಬಾಲ್‌ಗೆ ಒಂದು ವಿಕೆಟ್ ತೆಗೆಯುತ್ತಾನೆ ಅಂತಿಟ್ಟುಕೊಳ್ಳಿ. ಟಿ20ಯಲ್ಲಿ ಅದು ಚೆನ್ನಾಗಿಯೇ ಇದೆ. ನಾಲ್ಕು ಓವರ್ ಪೂರ್ತಿ ಹಾಕಿದರೆ 24 ಬಾಲ್, ಅಂದರೆ ಸರಾಸರಿ 1.2 ವಿಕೆಟ್. ಆದರೆ ಲೈನ್ ಕೇಳುವುದು ಸರಾಸರಿಯನ್ನಲ್ಲ. ಎರಡು ಅಥವಾ ಅದಕ್ಕಿಂತ ಹೆಚ್ಚು ತೆಗೆಯುತ್ತಾನಾ ಅಂತ. ಪ್ರತಿ ಬಾಲ್‌ಗೂ 20ರಲ್ಲಿ ಒಂದು ಸಾಧ್ಯತೆ ಹಿಡಿದರೆ, 24 ಬಾಲ್‌ನಲ್ಲಿ ಎರಡು ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 34. ದರ 3.20 ಅಂದರೆ ನೂರಕ್ಕೆ 31 ಸಲ ಆದರೂ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ಇಲ್ಲಿಗೆ ನಿಲ್ಲಿಸಿದರೆ ಆ ಹುಡುಗ ಹೇಳಿದ್ದೇ ಸರಿ ಅನಿಸುತ್ತದೆ.

ಈಗ ಎದುರಿನ ತಂಡ ನೋಡಿ. ಮೂರು, ನಾಲ್ಕು, ಐದನೇ ಕ್ರಮಾಂಕದಲ್ಲಿ ಇಬ್ಬರು ಎಡಗೈ ಬ್ಯಾಟರ್‌ಗಳು. ಎಡಗೈ ಸ್ಪಿನ್ನರ್ ಬಾಲ್ ಅವರ ಕಡೆಗೇ ಒಳಕ್ಕೆ ತಿರುಗುತ್ತದೆ, ಮಿಡ್‌ವಿಕೆಟ್ ಮೇಲೆ ಎತ್ತಿ ಬಾರಿಸುವುದು ಸಲೀಸು. ಜನ ಇದನ್ನು ನೋಡಿ "ಇವತ್ತು ವಿಕೆಟ್ ಕಷ್ಟ" ಅಂತ ಹೇಳಿ ಬಿಡುತ್ತಾರೆ. ನನ್ನ ಪ್ರಕಾರ ಮ್ಯಾಚ್‌ಅಪ್‌ನ ದೊಡ್ಡ ಪೆಟ್ಟು ಬೀಳುವುದು ವಿಕೆಟ್ ಮೇಲಲ್ಲ, ಓವರ್ ಮೇಲೆ. ಇಬ್ಬರು ಎಡಗೈಯವರು ಕ್ರೀಸ್‌ನಲ್ಲಿ ನಿಂತರೆ ಕ್ಯಾಪ್ಟನ್ ಈ ಸ್ಪಿನ್ನರ್‌ಗೆ ಬಾಲ್ ಕೊಡುವುದೇ ಇಲ್ಲ. ಆಫ್ ಸ್ಪಿನ್ನರ್ ಇದ್ದರೆ ಅವನನ್ನು ಕರೆಯುತ್ತಾನೆ. ಐಪಿಎಲ್‌ನಲ್ಲಿ 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಇರುವುದರಿಂದ ಕ್ಯಾಪ್ಟನ್‌ಗೆ ಇನ್ನೊಬ್ಬ ಬೌಲರ್ ಜಾಸ್ತಿ ಸಿಗುತ್ತಾನೆ. ನಾಲ್ಕು ಓವರ್ ಯಾರ ಹಕ್ಕೂ ಅಲ್ಲ.

ಹಾಗಾದರೆ ಇವನು ನಾಲ್ಕು ಓವರ್ ಹಾಕುವ ಸಾಧ್ಯತೆ ನೂರಕ್ಕೆ 40, ಮೂರು ಹಾಕುವುದು 40, ಎರಡಕ್ಕೇ ನಿಲ್ಲುವುದು 20 ಅಂತ ನಾನು ಅಂದಾಜು ಮಾಡುತ್ತೇನೆ. ಮೂರು ಓವರ್ ಹಾಕಿದರೆ ಎರಡು ವಿಕೆಟ್ ಸಿಗುವ ಸಾಧ್ಯತೆ 34ರಿಂದ ಸುಮಾರು 23ಕ್ಕೆ ಇಳಿಯುತ್ತದೆ. ಎರಡೇ ಓವರ್ ಆದರೆ ಬರೀ 12. ಮೂರನ್ನೂ ಆಯಾ ಪಾಲಿನಂತೆ ಸೇರಿಸಿದರೆ ಬರುವುದು ಸುಮಾರು 25. ಅಂದರೆ ನಾಲ್ಕರಲ್ಲಿ ಒಂದು ಸಲ. ಅದಕ್ಕೆ ನ್ಯಾಯವಾದ ದರ 4.00, ಬುಕ್ಕಿ ಕೊಟ್ಟಿದ್ದು 3.20. ಅವನ ವಿಕೆಟ್ ತೆಗೆಯುವ ಶಕ್ತಿಯನ್ನು ನಾನು ಒಂದು ಚೂರೂ ಕಡಿಮೆ ಮಾಡಿಲ್ಲ, ಗಮನಿಸಿ. ಓವರ್ ಮಾತ್ರ ಬದಲಾಯಿಸಿದೆ, ಉತ್ತರ ತಲೆಕೆಳಗಾಯಿತು.

ಹಾಗಂತ ಕೆಳಗಿನ ಕಡೆ ಲಾಭವಿತ್ತಾ? ಅದಕ್ಕೆ ದರ 1.30 ಇತ್ತು, ಅಂದರೆ ನೂರಕ್ಕೆ 77. ನನ್ನ ಲೆಕ್ಕದಲ್ಲಿ 75. ಅಲ್ಲೂ ಏನಿಲ್ಲ. ಎರಡೂ ಕಡೆ ಸೇರಿಸಿದರೆ 108 ಆಗುತ್ತದೆ, ಮೇಲಿನ ಎಂಟು ಬುಕ್ಕಿಯ ಪಾಲು. ಎಷ್ಟೋ ಲೈನ್‌ಗಳು ಹೀಗೇ, ಯಾವ ಕಡೆಯೂ ಕೈ ಹಾಕುವಂಥದ್ದಲ್ಲ. ಇದನ್ನು ಹೇಳಿದರೆ ನಮ್ಮ ಹುಡುಗರಿಗೆ ನಿರಾಸೆ.

ಓವರ್ ವಿಷಯ ನಾನು ಸುಮ್ನೆ ಹೇಳುತ್ತಿಲ್ಲ. 2024ರ ಜೂನ್ 29, ಬಾರ್ಬಡೋಸ್‌ನಲ್ಲಿ ನಡೆದ ಟಿ20 ವಿಶ್ವಕಪ್ ಫೈನಲ್ ನೆನಪು ಮಾಡಿಕೊಳ್ಳಿ. ಜಡೇಜಾ ಹಾಕಿದ್ದು ಒಂದೇ ಓವರ್, ಕೊಟ್ಟಿದ್ದು 12 ರನ್. ಜಡೇಜಾ ಅಂಥ ಬೌಲರ್, ಅಂಥ ಮ್ಯಾಚ್, ಒಂದೇ ಓವರ್! ಅವತ್ತು ಅವರ ವೃತ್ತಿಜೀವನದ ಸರಾಸರಿ ಹಿಡಿದುಕೊಂಡು ಕೂತವನಿಗೆ ಏನು ಉಪಯೋಗವಾಯಿತು? ಅದೇ ಮ್ಯಾಚ್‌ನಲ್ಲಿ ಹಾರ್ದಿಕ್ ಮೂರು ಓವರ್‌ನಲ್ಲಿ 20 ರನ್ ಕೊಟ್ಟು ಮೂರು ವಿಕೆಟ್ ತೆಗೆದರು. ಅದರಲ್ಲಿ ಎರಡು, ಮಿಲ್ಲರ್ ಮತ್ತು ರಬಾಡ, ಬಿದ್ದಿದ್ದು ಕೊನೆಯ ಓವರ್‌ನಲ್ಲಿ. ದಕ್ಷಿಣ ಆಫ್ರಿಕಾಕ್ಕೆ 16 ರನ್ ಬೇಕಿತ್ತು, ಬೀಸದೆ ಬೇರೆ ದಾರಿ ಇರಲಿಲ್ಲ. ಆದ್ದರಿಂದ ಎಷ್ಟು ಓವರ್ ಅನ್ನುವುದರ ಜೊತೆಗೆ ಯಾವ ಓವರ್ ಅಂತಲೂ ಕೇಳಬೇಕು. ನಾನು ಮೇಲೆ ಮಾಡಿದ ಲೆಕ್ಕ ಎಲ್ಲ ಬಾಲ್‌ಗಳನ್ನೂ ಒಂದೇ ಅಂತ ಹಿಡಿದಿದೆ. ಕೊನೆಯ ನಾಲ್ಕು ಓವರ್‌ಗಳಲ್ಲಿ ಎರಡು ಹಾಕುವ ಬೌಲರ್ ಆದರೆ ಆ ಅಂಕಿಯನ್ನು ಮೇಲೆ ಸರಿಸಲೇಬೇಕು.

ಅಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ವಿಕೆಟ್ ಜಾಸ್ತಿ ಬಿದ್ದರೆ ಎಕಾನಮಿ ಕಡಿಮೆ ಇರುತ್ತದೆ ಅಂತ. ಕೊನೆಯ ಓವರ್‌ಗಳಲ್ಲಿ ಬ್ಯಾಟರ್ ಬೀಸುವುದರಿಂದ ವಿಕೆಟ್ಟೂ ಬೀಳುತ್ತದೆ, ಸಿಕ್ಸೂ ಹೋಗುತ್ತದೆ. 42 ಕೊಟ್ಟು ಮೂರು ತೆಗೆದವರನ್ನು ನಾವೆಲ್ಲ ಎಷ್ಟು ನೋಡಿಲ್ಲ!

ಎಕಾನಮಿ ಲೈನ್‌ನಲ್ಲೂ ಓವರ್ ಪ್ರಶ್ನೆಯೇ ಬೇರೆ ವೇಷದಲ್ಲಿ ಬರುತ್ತದೆ. ಒಬ್ಬ ಬೌಲರ್ ಒಂದು ಮ್ಯಾಚ್‌ನಲ್ಲಿ ಒಂದೇ ಓವರ್ ಹಾಕಿ 18 ಕೊಟ್ಟ, ಕ್ಯಾಪ್ಟನ್ ಮತ್ತೆ ಬಾಲ್ ಕೊಡಲಿಲ್ಲ. ಇನ್ನೊಂದರಲ್ಲಿ ನಾಲ್ಕು ಓವರ್‌ಗೆ 24 ಕೊಟ್ಟ. ಒಟ್ಟು ಐದು ಓವರ್‌ಗೆ 42, ಎಕಾನಮಿ 8.4. ಟಿವಿಯಲ್ಲಿ ತೋರಿಸುವುದು ಇದನ್ನೇ. ಆದರೆ ಲೈನ್ ಇರುವುದು ಒಂದೊಂದು ಮ್ಯಾಚ್‌ಗೆ, ಅಲ್ವಾ? ಅಲ್ಲಿ ಬಂದಿದ್ದು ಒಮ್ಮೆ 18, ಒಮ್ಮೆ 6. ಎರಡರಲ್ಲಿ ಯಾವುದೂ 8.4ರ ಹತ್ತಿರ ಇಲ್ಲ. ಹೊಡೆಸಿಕೊಂಡವನನ್ನು ಬೇಗ ತೆಗೆಯುತ್ತಾರೆ, ಚೆನ್ನಾಗಿ ಹಾಕಿದವನಿಗೆ ಪೂರ್ತಿ ಕೊಡುತ್ತಾರೆ. ಒಟ್ಟು ಸರಾಸರಿಯಲ್ಲಿ ಒಳ್ಳೆಯ ದಿನಗಳ ಬಾಲ್‌ಗಳೇ ತುಂಬಿಕೊಂಡಿರುತ್ತವೆ. ಇದರ ಮೇಲೆ ವೈಡ್, ನೋಬಾಲ್ ಬೌಲರ್ ಲೆಕ್ಕಕ್ಕೆ ಸೇರುತ್ತವೆ, ಬೈ, ಲೆಗ್‌ಬೈ ಸೇರುವುದಿಲ್ಲ. ಇಬ್ಬನಿ ಬಿದ್ದ ರಾತ್ರಿ ಒದ್ದೆ ಬಾಲ್ ಹಿಡಿತ ತಪ್ಪಿ ಫುಲ್‌ಟಾಸ್, ವೈಡ್ ಹೋಗುವುದನ್ನು ನೋಡಿದ್ದೀರಿ. ಹೀಗಾಗಿ ಟಾಸ್ ಆಗುವ ಮೊದಲೇ ಎಕಾನಮಿ ಬಗ್ಗೆ ಖಡಾಖಂಡಿತ ಮಾತಾಡುವವರನ್ನು ನಾನು ನಂಬುವುದಿಲ್ಲ.

"ಜೂಜಿನ ಲೆಕ್ಕ ನಮಗ್ಯಾಕೆ?" ಅಂತ ಒಬ್ಬರು ಕೇಳುತ್ತಾರೆ, ಗೊತ್ತು. ಹಣ ಕಟ್ಟಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ, ನಮ್ಮ ಗುಂಪಿನಲ್ಲಿ ಪೈಸೆಯೂ ಓಡಾಡುವುದಿಲ್ಲ. ಆದರೆ ಲೈನ್ ಅನ್ನುವುದು ಬೌಲರ್ ಬಗ್ಗೆ ಯಾರೋ ಧೈರ್ಯವಾಗಿ ಬರೆದ ಒಂದು ಅಂಕಿ. ಅದನ್ನು ಒಪ್ಪುವುದಕ್ಕೂ ತಳ್ಳುವುದಕ್ಕೂ ಕಾರಣ ಬೇಕು. ನವುಲೆ ಮೈದಾನದಲ್ಲಿ ಬಿಸಿಲಲ್ಲಿ ಕೂತು ರಣಜಿ ನೋಡುವ ಊರಿನವರು ನಾವು. "ಹೋದ ಸಲ ಮೂರು ತೆಗೆದ" ಅನ್ನುವುದಕ್ಕಿಂತ ಚೆನ್ನಾಗಿ ನಮಗೆ ಮಾತಾಡಲು ಬರುತ್ತದೆ.

ಮಳೆಯನ್ನಂತೂ ನಮ್ಮ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಮಳೆ ಬಂದು ಮ್ಯಾಚ್ 15 ಓವರ್‌ಗೆ ಇಳಿದರೆ ಒಬ್ಬ ಬೌಲರ್‌ಗೆ ಸಿಗುವುದು ಹೆಚ್ಚೆಂದರೆ ಮೂರು ಓವರ್. ಮೇಲಿನ ನನ್ನ 34 ಅಲ್ಲಿಗೆ ಮುಗಿಯಿತು. ಮುಂದಿನ ಮ್ಯಾಚ್‌ಗೆ ಯಾರಾದರೂ ಸ್ಕ್ರೀನ್‌ಶಾಟ್ ಹಾಕುವುದಾದರೆ, ಆ ಬೌಲರ್ ಕಳೆದ ಏಳೆಂಟು ಮ್ಯಾಚ್‌ಗಳಲ್ಲಿ ಎಷ್ಟು ಓವರ್ ಹಾಕಿದ, ಯಾವ ಯಾವ ಓವರ್ ಹಾಕಿದ ಅಂತಲೂ ಕೆಳಗೆ ಬರೆದು ಹಾಕಿ. ಆಮೇಲೆ ಎಷ್ಟು ಹೊತ್ತು ಬೇಕಾದರೂ ಜಗಳ ಆಡೋಣ.