ಗಾಡಿ ಸಾಲದ್ದು, ಬಾಡಿಗೆ ಸಾಲದು

ದಾವಣಗೆರೆಯ ನಮ್ಮ ಬೀದಿಯ ಆಟೋ ಒಂದರ ಬೆನ್ನಿನ ಮೇಲೆ ನಾಲ್ಕೇ ಪದಗಳಿದ್ದವು: ಗಾಡಿ ಸಾಲದ್ದು, ಬಾಡಿಗೆ ಸಾಲದು. ಅದನ್ನು ಬರೆಸುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾ ವರ್ಷಗಳನ್ನು ಕಳೆದವಳು ನಾನು. ಒಂದು ಒತ್ತಕ್ಷರಕ್ಕಾಗಿ ಇಷ್ಟು ಹೊತ್ತು ಚರ್ಚೆ ನಡೆದದ್ದನ್ನು ಯಾವ ಮುದ್ರಣಾಲಯದಲ್ಲೂ ಕಂಡಿಲ್ಲ.

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. ಲಾರಿ, ಆಟೋಗಳ ಬರಹದ ಮಾತು ಬಂದ ಕೂಡಲೇ ಯಾರಾದರೂ ಒಬ್ಬರು ‘ಅದೆಲ್ಲ ಡಬಲ್ ಮೀನಿಂಗ್’ ಎಂದು ಮೂಗು ಮುರಿಯುತ್ತಾರೆ. ಡಬಲ್ ಮೀನಿಂಗ್ ಎಂದರೆ ಅಶ್ಲೀಲ ಎಂಬಂತಾಗಿದೆ. ತರಗತಿಯಲ್ಲಿ ಕಲಿಸುವಾಗ ಅದೇ ಕೌಶಲಕ್ಕೆ ಶ್ಲೇಷೆ ಎಂಬ ಹೆಸರಿದೆ, ಅಲಂಕಾರದ ಗೌರವವಿದೆ. ತಗಡಿನ ಮೇಲೆ ಬಂದಾಗ ಮಾತ್ರ ಅದು ಕೀಳಾಗುವುದೇಕೆ?

ಮೊದಲು ಒಂದು ಸಾದಾ ಉದಾಹರಣೆ ನೋಡೋಣ. ತುಮಕೂರು ದಾಟಿ ಶಿರಾ ಕಡೆಗೆ ಹೋಗುವಾಗ ನಮ್ಮ ಬಸ್ಸಿನ ಮುಂದೆ ಬಹಳ ಹೊತ್ತು ಒಂದು ಲಾರಿ ಇತ್ತು. ಅದರ ಹಿಂಬಾಗಿಲ ಮೇಲೆ ‘ನನ್ನ ಹಿಂದೆ ಬೀಳಬೇಡ’ ಎಂದಿತ್ತು. ಕನ್ನಡದಲ್ಲಿ ‘ಹಿಂದೆ ಬೀಳು’ ಎಂದರೆ ಬೆನ್ನು ಹತ್ತುವುದು. ಹುಡುಗಿಯ ಹಿಂದೆ ಹುಡುಗ ಬೀಳುತ್ತಾನೆ, ಸಾಲಗಾರನ ಹಿಂದೆ ಬಡ್ಡಿಯವನು ಬೀಳುತ್ತಾನೆ. ಓದಿನಲ್ಲಿ, ಓಟದಲ್ಲಿ ಉಳಿದವರಿಗಿಂತ ನಿಧಾನವಾದವನೂ ಹಿಂದೆ ಬೀಳುತ್ತಾನೆ. ಇನ್ನು ಲಾರಿಗೆ ತೀರಾ ಹತ್ತಿರ ಬಂದ ಬೈಕಿನವನು ಅದು ಬ್ರೇಕ್ ಹಾಕಿದಾಗ ನಿಜವಾಗಿಯೇ ಹಿಂದೆ ಬೀಳುತ್ತಾನೆ. ಪದವನ್ನು ಎಲ್ಲಿಯೂ ಒಡೆಯಬೇಕಿಲ್ಲ. ಹೀಗೆ ಪದ ಇಡಿಯಾಗಿ ಉಳಿದು ಎರಡು ಕಡೆ ನೋಡಿದರೆ ಅಭಂಗ ಶ್ಲೇಷೆ, ಒಡೆದಾಗ ಇನ್ನೊಂದು ಅರ್ಥ ಹೊರಬಿದ್ದರೆ ಸಭಂಗ ಶ್ಲೇಷೆ ಎನ್ನುತ್ತಾರೆ. ರಸ್ತೆಯಲ್ಲಿ ಹೆಚ್ಚು ಕಾಣುವುದು ಅಭಂಗವೇ. ಪದವನ್ನು ಒಡೆದು ಓದಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಆದರೆ ಆ ಸಾಲನ್ನು ಅದೇ ಲಾರಿಯ ಮುಂಭಾಗದಲ್ಲಿ ಬರೆದರೆ ಏನಾಗುತ್ತದೆ? ಸತ್ತು ಹೋಗುತ್ತದೆ. ಓದುವವನು ಹಿಂದೆ ಇರುವಾಗ ಮಾತ್ರ ‘ಹಿಂದೆ’ ಎಂಬ ಪದಕ್ಕೆ ಜೀವ. ವಾಹನದ ಬೆನ್ನು ಮೊದಲಿನಿಂದಲೂ ಸೂಚನೆ ಕೊಡುವ ಜಾಗ. ‘ಹಾರ್ನ್ ಮಾಡಿ’, ‘ಅಂತರವಿರಲಿ’ ಎಂಬ ಮಾತುಗಳನ್ನು ಓದಿ ಪಳಗಿದ ಕಣ್ಣು ಅಲ್ಲಿ ಏನಿದ್ದರೂ ಸೂಚನೆ ಎಂದೇ ಓದಲು ತೊಡಗುತ್ತದೆ. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆಯುವುದನ್ನು ನಿಷೇಧಿಸಿದ್ದು, ಅದು ಹಾರ್ನ್ ಹೊಡೆಯಲು ಪ್ರೋತ್ಸಾಹ ಕೊಡುತ್ತದೆ ಎಂಬ ಕಾರಣಕ್ಕೇ. ಲಾರಿಯ ಬರಹಗಾರ ಈ ಅಭ್ಯಾಸವನ್ನು ಬಳಸಿಕೊಳ್ಳುತ್ತಾನೆ. ನಾವು ಸೂಚನೆ ಎಂದುಕೊಂಡು ಓದಲು ತೊಡಗುತ್ತೇವೆ, ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಅದು ಪ್ರೇಮದ ಮಾತೂ ಆಗಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಅವನಿಗೆ ದೊಡ್ಡ ಅನುಕೂಲ. ಅರ್ಥ ಹೊರಳುವ ಜಾಗ ಸಾಲಿನ ತುದಿಯಲ್ಲಿ ತಾನಾಗಿಯೇ ಸಿಗುತ್ತದೆ.

ಉತ್ತರದಿಂದ ಬರುವ ಲಾರಿಗಳ ‘ಬುರೀ ನಜರ್ ವಾಲೇ ತೇರಾ ಮುಹ್ ಕಾಲಾ’ ಎಂಬ ಸಾಲೂ ಹೀಗೆಯೇ. ಕೆಟ್ಟ ದೃಷ್ಟಿಯವನೇ, ನಿನ್ನ ಮುಖಕ್ಕೆ ಮಸಿ ಎಂಬುದು ಶಾಪ. ಹಳೆಯ ಡೀಸೆಲ್ ಲಾರಿಯ ಹೊಗೆಕೊಳವೆಯ ಹಿಂದೆ ಹತ್ತು ಕಿಲೋಮೀಟರ್ ಬೈಕ್ ಓಡಿಸಿದವನ ಮುಖ ನೋಡಿದರೆ ಶಾಪ ಅಕ್ಷರಶಃ ತಟ್ಟಿದ್ದು ಗೊತ್ತಾಗುತ್ತದೆ.

ಈಗ ನಮ್ಮ ಬೀದಿಯ ಆಟೋಗೆ ಬರುತ್ತೇನೆ. ಹುಡುಗ ಸಾಲ ತೆಗೆದು ಹೊಸ ಆಟೋ ತಂದಿದ್ದ. ಮುಂಭಾಗದ ಗಾಜಿನ ಮೇಲೆ ‘ತಾಯಿಯ ಆಶೀರ್ವಾದ’ ಎಂದು ಆಗಲೇ ಬರೆಸಿಯಾಗಿತ್ತು. ಹಿಂದೆ ಮಾತ್ರ ತನ್ನದೇ ಒಂದು ಸಾಲು ಬೇಕು ಎಂಬ ಹಟ. “ಅಕ್ಕಾ, ನೀವು ಅಕ್ಷರದ ಕೆಲಸ ಮಾಡುವವರು, ಸ್ವಲ್ಪ ಬನ್ನಿ” ಎಂದು ಪೇಂಟರ್ ಅಂಗಡಿಗೆ ಕರೆದುಕೊಂಡು ಹೋದ.

ಅವನು ಬರೆದು ತಂದಿದ್ದ ಮೊದಲ ಸಾಲು ‘ನನ್ನ ನೋಡಿ ನಗಬೇಡ, ಸಾಲ ಮಾಡಿ ತಂದಿದ್ದೇನೆ’. ಪೇಂಟರ್ ವಯಸ್ಸಾದವರು, ಲಾರಿಗಳಿಗೆ ಬರೆದು ಪಳಗಿದ ಕೈ. ಓದಿ ಚೀಟಿ ಮಡಚಿಟ್ಟರು. “ಇದು ಲಾರಿಯ ಸಾಲು ತಮ್ಮಾ, ನಿನ್ನ ಗಾಡಿಗೆ ಉದ್ದವಾಯಿತು” ಎಂದರು. ಲಾರಿಯ ಬೆನ್ನು ಸುಮಾರು ಎಂಟು ಅಡಿ ಅಗಲ. ಆಟೋದ ಒಟ್ಟು ಅಗಲವೇ ನಾಲ್ಕೂಕಾಲು ಅಡಿ, ಅದರಲ್ಲಿ ಬರೆಯಲು ಸಿಗುವುದು ಇನ್ನೂ ಕಡಿಮೆ. ಅಕ್ಷರ ಸಣ್ಣದಾದರೆ ಓದುವುದು ಯಾರು? ಹಿಂದಿನಿಂದ ಬಂದವನು ಆಟೋಗಿಂತ ಗಂಟೆಗೆ 20 ಕಿಲೋಮೀಟರ್ ಹೆಚ್ಚು ವೇಗದಲ್ಲಿ ಹಿಂದಿಕ್ಕುತ್ತಾನೆ ಎಂದಿಟ್ಟುಕೊಳ್ಳಿ. ಅಕ್ಷರ ಇಪ್ಪತ್ತು ಮೀಟರ್ ದೂರದಿಂದ ಕಂಡರೂ ಅವನಿಗೆ ಸಿಗುವುದು ನಾಲ್ಕು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಓದಿಯೂ ಆಗಬೇಕು, ಎರಡನೆಯ ಅರ್ಥ ಹೊಳೆದೂ ಆಗಬೇಕು.

ಉದ್ದವಷ್ಟೇ ದೋಷವಾಗಿರಲಿಲ್ಲ. ಆ ಸಾಲಿನಲ್ಲಿ ಇದ್ದದ್ದು ಒಂದೇ ಅರ್ಥ. ಹುಡುಗ ಅದನ್ನು ಕತ್ತರಿಸಿ ‘ಸಾಲದ ಗಾಡಿ, ಮುಟ್ಟಬೇಡಿ’ ಎಂದ. ಚಿಕ್ಕದಾಯಿತು, ಆದರೆ ಪ್ರಯಾಣಿಕರನ್ನೇ ದೂರ ಅಟ್ಟುವಂತಾಯಿತು. ಪೇಂಟರ್ ಕೇಳಿದರು: “ಸಾಲದ ವಿಷಯವನ್ನು ಊರಿಗೆಲ್ಲ ಹೇಳುವ ಆಸೆ ಏಕೆ?” ಹುಡುಗ ಸಂಕೋಚವಿಲ್ಲದೆ ಹೇಳಿದ: “ಕಂತು ಕಟ್ಟುವಷ್ಟು ಬಾಡಿಗೆ ಸಾಲದು ಅಣ್ಣಾ, ಅದಕ್ಕೆ.”

ಸಾಲು ಸಿಕ್ಕಿದ್ದು ಅಲ್ಲಿ. ಸಾಲ ಎಂಬ ನಾಮಪದ, ಸಾಲದು ಎಂಬ ಕ್ರಿಯಾಪದ. ಒಂದು ಕೊಟ್ಟವನಿಗೆ ತೀರಿಸಬೇಕಾದದ್ದು, ಇನ್ನೊಂದು ಕೊಟ್ಟರೂ ಸಾಕಾಗದ್ದು. ಇದು ಕಟ್ಟುನಿಟ್ಟಾದ ಶ್ಲೇಷೆಯಲ್ಲ ಎಂದು ನನಗೆ ಗೊತ್ತಿತ್ತು, ಏಕೆಂದರೆ ‘ಸಾಲದ್ದು’ ಮತ್ತು ‘ಸಾಲದು’ ಬೇರೆ ಬೇರೆ ರೂಪಗಳು. ಆದರೆ ನಡುವೆ ಇರುವುದು ಒಂದು ಒತ್ತು ಮಾತ್ರ. ಕಿವಿ ಅವೆರಡನ್ನೂ ಒಂದೇ ಎಂದುಕೊಂಡು ಮುಂದೆ ಹೋಗಿ, ತಪ್ಪಿತೆಂದು ತಿಳಿದು ಹಿಂದಕ್ಕೆ ಬರುತ್ತದೆ. ‘ಗಾಡಿ ಸಾಲದ್ದು, ಬಾಡಿಗೆ ಸಾಲದು’ ಎಂದು ಜೋಡಿಸಿ ಹೇಳಿದಾಗ ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂತು. ಗಾಡಿ, ಬಾಡಿಗೆ: ಎರಡೂ ಪದಗಳ ಎರಡನೆಯ ಅಕ್ಷರ ‘ಡಿ’. ನಮ್ಮ ಹಳೆಯ ಕವಿಗಳು ಪಾದದ ಎರಡನೆಯ ಅಕ್ಷರದಲ್ಲಿ ಪಾಲಿಸುತ್ತಿದ್ದ ಆದಿಪ್ರಾಸ ಕೇಳದೆಯೇ ಬಂದು ಕುಳಿತಿತ್ತು. ಕೊನೆಯಲ್ಲಿ ಅಂತ್ಯಪ್ರಾಸವೂ ಇದೆ.

ಪೇಂಟರ್ ಚಿಂತೆ ಬೇರೆಯೇ ಆಗಿತ್ತು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಕೆಳಗೆ ಜಾಗ ಬಿಡದಿದ್ದರೆ ದ ಒತ್ತು ನಂಬರ್ ಪ್ಲೇಟಿನ ಅಂಚಿಗೆ ತಾಗಿ ಮಾಯವಾಗುತ್ತದೆ. ಮಾಯವಾದರೆ ಗಾಡಿಯೂ ಸಾಲದು, ಬಾಡಿಗೆಯೂ ಸಾಲದು. ಒತ್ತು ಹೆಚ್ಚಿರುವ ಪದಗಳನ್ನು ತಾವು ಸಾಮಾನ್ಯವಾಗಿ ಬೇಡ ಎನ್ನುವುದಾಗಿಯೂ, ಇಲ್ಲಿ ಒತ್ತೇ ಜೀವಾಳವಾದ್ದರಿಂದ ಒಪ್ಪುವುದಾಗಿಯೂ ಹೇಳಿದರು. ಸುಣ್ಣದ ಕಡ್ಡಿಯಿಂದ ಎರಡು ಗೆರೆ ಎಳೆದು, ಕೆಳಗೆ ಎರಡು ಬೆರಳು ಜಾಗ ಬಿಟ್ಟು, ಆ ಒಂದು ಒತ್ತನ್ನು ಮಾತ್ರ ಕೆಂಪು ಬಣ್ಣದಲ್ಲಿ ಬರೆದರು. ಓದುವವನ ಕಣ್ಣು ಎಡವಬೇಕಾದ ಜಾಗವನ್ನು ಬಣ್ಣದಿಂದಲೇ ತೋರಿಸಿದ್ದರು. ನನಗೆ ಅದು ಹೊಳೆದಿರಲಿಲ್ಲ.

ಕೆಲವು ದಿನಗಳ ನಂತರ ಹುಡುಗ ಖುಷಿಯಲ್ಲಿ ಅದೇ ಸಾಲನ್ನು ಚೀಟಿಯಲ್ಲಿ ಬರೆದು ಒಳಗೆ, ತನ್ನ ಸೀಟಿನ ಹಿಂದೆ ಅಂಟಿಸಿದ. ಮರುದಿನವೇ ಒಬ್ಬ ಪ್ರಯಾಣಿಕರು ಜಗಳ ತೆಗೆದರು: “ಮೀಟರ್ ಮೇಲೆ ಇನ್ನೂ ಕೊಡಬೇಕು ಎನ್ನುತ್ತೀಯಾ?” ಅವರದು ತಪ್ಪಲ್ಲ. ಹೊರಗೆ ಓದುವವನು ಹಣ ಕೊಡಬೇಕಾದವನಲ್ಲ, ಅವನಿಗೆ ಅದು ಒಬ್ಬ ದುಡಿಯುವವನ ನಿಟ್ಟುಸಿರು ಮತ್ತು ನಗು. ಒಳಗೆ ಕುಳಿತವರ ಜೇಬಿನ ಎದುರು ಅದೇ ಸಾಲು ಬೇಡಿಕೆಯಾಗುತ್ತದೆ. ಚೀಟಿ ಕಿತ್ತು ಹಾಕಿಸಿದೆ.

ಎಲ್ಲ ತುಂಟ ಸಾಲುಗಳನ್ನೂ ನಾನು ಸಮರ್ಥಿಸುತ್ತಿಲ್ಲ. ಅಶ್ಲೀಲ ಸಾಲುಗಳ ಬಗ್ಗೆ ನನ್ನ ಆಕ್ಷೇಪ ಮರ್ಯಾದೆಯದಷ್ಟೇ ಅಲ್ಲ, ಕಸುಬಿನದೂ ಹೌದು. ‘ನನ್ನ ಹಿಂದೆ ಬೀಳಬೇಡ’ ಎಂಬುದನ್ನು ಬರೀ ರಸ್ತೆಯ ಸೂಚನೆಯಾಗಿ ಮಗುವಿಗೆ ವಿವರಿಸಬಹುದು, ಅದು ನಿಜವೂ ಹೌದು. ಅಶ್ಲೀಲ ಸಾಲಿನಲ್ಲಿ ಮೇಲಿನ ಅರ್ಥ ಬರೀ ಹೊದಿಕೆ. ಅದನ್ನಷ್ಟೇ ಓದಿದರೆ ವಾಕ್ಯಕ್ಕೆ ತಲೆಬುಡವಿರುವುದಿಲ್ಲ. ಅಲ್ಲಿ ಎರಡು ಅರ್ಥಗಳೇ ಇಲ್ಲ, ಒಂದೇ ಅರ್ಥ ಅಡಗಿ ಕುಳಿತಿದೆ.

ಹೆಣ್ಣುಮಕ್ಕಳ ಮೇಲಿನ ಸಾಲುಗಳಲ್ಲೂ ವ್ಯತ್ಯಾಸವಿದೆ. ‘ಅವಳು ಕೈ ಕೊಟ್ಟಳು, ಗಾಡಿ ಕೈ ಬಿಡಲಿಲ್ಲ’ ಎಂಬಂಥ ಸಾಲಿನ ಮೇಲೆ ನನಗೆ ಸಿಟ್ಟಿಲ್ಲ. ದಾರಿಯಲ್ಲಿ ಕೆಟ್ಟು ನಿಂತ ವಾಹನಕ್ಕೂ ಚಾಲಕರು ‘ಕೈ ಕೊಟ್ಟಿತು’ ಎಂದೇ ಹೇಳುತ್ತಾರೆ, ಆ ಮಾತಿನೊಳಗೆ ಅವರ ದಿನದ ಭಯವಿದೆ. ಆದರೆ ‘ಹುಡುಗಿ ಮತ್ತು ಬಸ್ಸಿನ ಹಿಂದೆ ಓಡಬೇಡ, ಒಂದು ಹೋದರೆ ಇನ್ನೊಂದು ಬರುತ್ತದೆ’ ಎಂಬುದನ್ನು ವ್ಯಾಕರಣದ ಕಣ್ಣಿನಿಂದ ಓದಿ. ಹುಡುಗಿಯಾದರೆ ‘ಒಬ್ಬಳು ಹೋದರೆ ಇನ್ನೊಬ್ಬಳು ಬರುತ್ತಾಳೆ’ ಎನ್ನಬೇಕು. ಹಾಗೆಂದ ಕೂಡಲೇ ಸಾಲು ಕುಸಿಯುತ್ತದೆ. ಹುಡುಗಿಯನ್ನು ನಪುಂಸಕ ಲಿಂಗಕ್ಕೆ ಇಳಿಸಿ, ಬಸ್ಸಿನ ಜೊತೆ ಎಣಿಕೆಗೆ ಸೇರಿಸಿದರೆ ಮಾತ್ರ ಈ ಚಮತ್ಕಾರ ನಡೆಯುತ್ತದೆ. ಜನರು ಇದನ್ನು ಓದಿ ನಗುವಾಗ ನನಗೆ ನೋವಾಗುತ್ತದೆ.

ಈಗ ಅಂಗಡಿಗಳಲ್ಲಿ ಸಿದ್ಧ ಸ್ಟಿಕರ್‌ಗಳು ಸಿಗುತ್ತವೆ. ಅವೇ ಸಾಲುಗಳು ಲಾರಿಗೂ, ಬೈಕಿಗೂ, ಕಾರಿಗೂ. ಬೈಕಿನ ಮುಂಭಾಗದಲ್ಲಿ ‘ಹಿಂದೆ ಬೀಳಬೇಡ’ ಅಂಟಿಸಿದ್ದನ್ನೂ ಕಂಡಿದ್ದೇನೆ.

ನಮ್ಮ ಹುಡುಗ ಕಳೆದ ತಿಂಗಳು ಕೊನೆಯ ಕಂತು ಕಟ್ಟಿದ. “ಅಕ್ಕಾ, ಇನ್ನು ‘ಸಾಲದ್ದು’ ಎನ್ನುವುದು ಸುಳ್ಳಾಗುತ್ತದೆಯಲ್ಲ” ಎಂದು ಬಂದು ಕೇಳಿದ. ಮತ್ತೆ ಪೇಂಟರ್ ಬಳಿಗೆ ಹೋದೆವು. ಅವರು ಸಾಲನ್ನು ಒಮ್ಮೆ ನೋಡಿ, ಕೆಂಪು ಒತ್ತಿನ ಮೇಲೆ ಹಿನ್ನೆಲೆಯ ಬಣ್ಣ ಹಚ್ಚಿದರು. ಗಾಡಿ ಸಾಲದು, ಬಾಡಿಗೆ ಸಾಲದು. “ಇನ್ನೊಂದು ಗಾಡಿ ತೆಗೆದುಕೋ, ಆಗ ಬಾ, ಒತ್ತು ಹಾಕಿಕೊಡುತ್ತೇನೆ” ಎಂದರು. ಒಂದು ಒತ್ತು ಅಳಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.