ಬ್ರೋಕನ್ ವಿಂಗ್ ಬಟರ್‌ಫ್ಲೈ: ಮೇಲೆ ಹೋದರೆ ನಷ್ಟವಿಲ್ಲ, ಸರಿ. ಕೆಳಗೆ?

"ಮೇಲೆ ರಿಸ್ಕೇ ಇಲ್ಲ, ಜೊತೆಗೆ ಕ್ರೆಡಿಟ್ ಬೇರೆ ಸಿಗುತ್ತೆ" ಅಂತ ಈ ಆಪ್ಷನ್ ತಂತ್ರವನ್ನು ಹೊಗಳುವವರು ಜಾಸ್ತಿ. ಅವರು ಹೇಳೋದು ಸುಳ್ಳಲ್ಲ. ಅರ್ಧ ಮಾತ್ರ ಹೇಳ್ತಾರೆ, ಅಷ್ಟೇ.

ಶೇರು 100ರಲ್ಲಿದೆ, ಎಕ್ಸ್‌ಪೈರಿಗೆ 45 ದಿನ ಇದೆ ಅಂದುಕೊಳ್ಳಿ. 95ರ ಪುಟ್ ಒಂದನ್ನು 2.20ಕ್ಕೆ ಕೊಳ್ಳುತ್ತೇನೆ, 90ರ ಪುಟ್ ಎರಡನ್ನು 1.40ರಂತೆ ಮಾರುತ್ತೇನೆ. ಮಾಮೂಲಿ ಬಟರ್‌ಫ್ಲೈ ಆದರೆ ಕೆಳಗಿನ ರೆಕ್ಕೆಗೆ 85ರ ಪುಟ್ ಕೊಳ್ಳಬೇಕು. ಅದು 0.80 ಇದ್ದರೆ ಒಟ್ಟಿಗೆ ಕೈಯಿಂದ 0.20 ಹೋಗುತ್ತೆ. ಅದರ ಬದಲು 0.40ರ 80ರ ಪುಟ್ ಕೊಂಡರೆ ಲೆಕ್ಕ ತಿರುಗಿ 0.20 ಕೈಗೆ ಬರುತ್ತೆ. ಮುರಿದ ರೆಕ್ಕೆ ಅಂದರೆ ಇದೇ.

ಎಕ್ಸ್‌ಪೈರಿ ದಿನ ಶೇರು 95ರ ಮೇಲಿದ್ದರೆ ಆ 0.20 ನನ್ನದು. ಸರಿಯಾಗಿ 90ಕ್ಕೆ ನಿಂತರೆ 5.20 ಲಾಭ. 84.80ಕ್ಕಿಂತ ಕೆಳಗೆ ನಷ್ಟ ಶುರು, 80 ಮತ್ತು ಅದಕ್ಕೂ ಕೆಳಗೆ 4.80 ನಷ್ಟ. ಮಾಮೂಲಿ ಬಟರ್‌ಫ್ಲೈನಲ್ಲಿ ಎಷ್ಟೇ ಬಿದ್ದರೂ ಹೋಗೋದು 0.20 ಮಾತ್ರ. ಅಂದರೆ ನಾನು ಕೆಳಗಿನ ಅರ್ಧ ರಕ್ಷಣೆಯನ್ನು ಮಾರಿ ಆ ದುಡ್ಡಿನಿಂದ ಮೇಲಿನ ಸಣ್ಣ ನಷ್ಟವನ್ನು ಅಳಿಸಿಕೊಂಡೆ. ರಿಸ್ಕ್ ಎಲ್ಲಿಗೂ ಹೋಗಲಿಲ್ಲ, ಒಂದೇ ಪಕ್ಕಕ್ಕೆ ಸರಿದು ಕೂತಿದೆ.

ಒಮ್ಮೆ ನಾನು ಪೆಟ್ಟು ತಿಂದಿದ್ದು ಮಾತ್ರ ಬೇರೆ ಕಡೆ. ಇಂಥದ್ದೇ ಪೊಸಿಷನ್, ಐದನೇ ದಿನವೇ ಶೇರು ಜಾರಿ 88ಕ್ಕೆ ಬಂತು. ಪೇಆಫ್ ಚಾರ್ಟ್ ನೋಡಿದರೆ 88ರಲ್ಲಿ 3.20 ಲಾಭ. ಸ್ಕ್ರೀನ್‌ನಲ್ಲಿ ಮುಕ್ಕಾಲು ಪಾಯಿಂಟ್ ನಷ್ಟ! ಚಾರ್ಟಿನ ಆ ಗೋಪುರ ಎಕ್ಸ್‌ಪೈರಿ ದಿನದ್ದು ಅಲ್ವಾ, ನನಗಿನ್ನೂ 40 ದಿನ ಬಾಕಿ ಇತ್ತು. ಶೇರು ಬಿದ್ದಾಗ ವೊಲಾಟಿಲಿಟಿಯೂ ಏರಿ, ಮಾರಿದ್ದ ಎರಡು ಪುಟ್‌ಗಳು ಉಬ್ಬಿದ್ದವು. ದೂರದ 80ರ ಪುಟ್ ಅದನ್ನು ತುಂಬಿಕೊಡುವಷ್ಟು ಏರಲಿಲ್ಲ. ನಿಧಾನವಾಗಿ ಕೆಳಗಿಳಿದು ಕೊನೆಯ ವಾರ 90ರ ಹತ್ತಿರ ಬಂದರೆ ಚಂದ, ಬೇಗ ಬಿದ್ದರೆ ಕಷ್ಟ. ಇದನ್ನು ಮೊದಲೇ ನೋಡಬೇಕೆಂದರೆ ಚಾರ್ಟಿನಲ್ಲಿ ದಿನಾಂಕ ಹಿಂದಕ್ಕೆ ಎಳೆದು ವೊಲಾಟಿಲಿಟಿ ಏರಿಸಿ ನೋಡಿ, ಗೋಪುರ ಮಾಯವಾಗಿರುತ್ತೆ.

ಅದಕ್ಕೇ ಕಂಪನಿಯ ಫಲಿತಾಂಶ ಬರುವ ವಾರ ನಾನು ಇದರ ಹತ್ತಿರ ಹೋಗಲ್ಲ. ಒಂದೇ ರಾತ್ರಿಯಲ್ಲಿ ಶೇರು 78ಕ್ಕೆ ತೆರೆದುಕೊಂಡರೆ ಗೋಪುರ ದಾಟಿ ನೇರ ಹಳ್ಳಕ್ಕೆ. ಲಾಟ್ ಎಷ್ಟು ಅಂತ ಲೆಕ್ಕ ಹಾಕೋದೂ 4.80 ನೋಡಿ, 0.20 ನೋಡಿ ಅಲ್ಲ.

ಇನ್ನು ಆ 0.20ರ ವಿಷಯ. ನಾಲ್ಕು ಪುಟ್‌ಗಳಲ್ಲಿ ಬಿಡ್-ಆಸ್ಕ್ ಅಂತರ ತಲಾ 0.10 ಇದ್ದು, ನಾವು ಎಲ್ಲದರಲ್ಲೂ ಅರ್ಧ ಅಂತರ ಬಿಟ್ಟುಕೊಟ್ಟರೆ ಅಷ್ಟೂ ಅಲ್ಲೇ ಖಾಲಿ, ಬ್ರೋಕರೇಜ್ ಕೈಯಿಂದ. ನಾಲ್ಕನ್ನೂ ಒಂದೇ ಆರ್ಡರ್ ಮಾಡಿ ಲಿಮಿಟ್ ಹಾಕ್ತೀನಿ, ಸಿಗದಿದ್ದರೆ ಸುಮ್ನೆ ಬಿಡ್ತೀನಿ.