ಚಿಕ್ಕಪ್ಪನ ಕ್ರಯಪತ್ರ, 82 ದಿನ, ಮತ್ತೆ ರಿಸರ್ವ್ ಬ್ಯಾಂಕಿಗೆ ಹಾಕಿದ ಎರಡು ದೂರು

ಎರಡು ದೂರು ಅಂದೆ ನೋಡಿ, ಮೊದಲನೆಯದು ನನ್ನ ತಪ್ಪಿನಿಂದಲೇ ಬಿದ್ದುಹೋಯಿತು. ಅದಕ್ಕೇ ಇಷ್ಟುದ್ದ ಬರೀತಾ ಇದೀನಿ.

ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ಶಿವಮೊಗ್ಗದಲ್ಲಿ ಮನೆ ಕಟ್ಟೋಕೆ ಒಂದು ಬ್ಯಾಂಕಿನಲ್ಲಿ ಸಾಲ ಮಾಡಿದ್ದರು. ಬ್ಯಾಂಕಿನ ಹೆಸರು ಇಲ್ಲಿ ಬೇಡ. 2024ರ ಮಾರ್ಚ್ 11ಕ್ಕೆ ಉಳಿದ ಹಣ ಪೂರ್ತಿ ಕಟ್ಟಿ ಲೋನ್ ಕ್ಲೋಸ್ ಮಾಡಿದರು. ಅಡ ಇಟ್ಟಿದ್ದ ಕ್ರಯಪತ್ರ, ಹಳೇ ದಾಖಲೆ ಎಲ್ಲ ವಾಪಸ್ ಬರಬೇಕಿತ್ತು. ಬರಲಿಲ್ಲ. "ಫೈಲು ಚೆನ್ನೈಯಿಂದ ಬರಬೇಕು ಸರ್, ಮುಂದಿನ ವಾರ ಬನ್ನಿ." ಈ ಮುಂದಿನ ವಾರ ಏಪ್ರಿಲ್ ದಾಟಿತು, ಮೇ ದಾಟಿತು. ಕೊನೆಗೆ ಕಾಗದ ಕೈಗೆ ಸಿಕ್ಕಿದ್ದು ಜುಲೈ 2ಕ್ಕೆ.

ಇದಕ್ಕೊಂದು ನಿಯಮ ಇದೆ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ, ಅದೇ ಡಿಸೆಂಬರ್ 1ರಿಂದ ಜಾರಿಗೆ ತಂದಿದೆ. ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಡಬೇಕು. ಸಾಲ ಕೊಟ್ಟವರ ಕಡೆಯಿಂದಲೇ ತಡ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ದಾಖಲೆ ಕಳೆದುಹೋಗಿದ್ದರೆ ಮಾತ್ರ ಇನ್ನೂ 30 ದಿನ ಜಾಸ್ತಿ ಸಿಗುತ್ತೆ. ನಮ್ಮ ಲೆಕ್ಕ ಸರಳ. ಮೂವತ್ತನೇ ದಿನ ಏಪ್ರಿಲ್ 10. ಹನ್ನೊಂದರಿಂದ ಜುಲೈ 1ರವರೆಗೆ 82 ದಿನ. ಅಂದರೆ 4,10,000 ರೂಪಾಯಿ.

ಬ್ಯಾಂಕಿನವರು ಪರಿಹಾರದ ಮಾತೇ ಎತ್ತಲಿಲ್ಲ. ನನಗೆ ಸಿಟ್ಟು ಬಂತು. ಸೀದಾ cms.rbi.org.in ತೆರೆದು ಚಿಕ್ಕಪ್ಪನ ಹೆಸರಿನಲ್ಲಿ ದೂರು ಹಾಕಿದೆ. ಒಂದು ಪೈಸೆ ಖರ್ಚಿಲ್ಲ. ಮೊಬೈಲಿಗೆ ಓಟಿಪಿ ಬರುತ್ತೆ, ಪಟ್ಟಿಯಲ್ಲಿ ಬ್ಯಾಂಕಿನ ಹೆಸರು ಆರಿಸಬೇಕು, ಕೇಳಿದ್ದಕ್ಕೆ ಉತ್ತರ ತುಂಬಬೇಕು, ಅಷ್ಟೇ. (ಇದನ್ನೇ ಮಾಡಿಕೊಡ್ತೀವಿ ಅಂತ ದುಡ್ಡು ಕೇಳೋರು ಇದಾರೆ. ಕೊಡಬೇಡಿ.) ಜೊತೆಗೆ ಮ್ಯಾನೇಜರ್ ಹತ್ತಿರ ಮಾಡಿದ ವಾಟ್ಸಾಪ್ ಮಾತುಕತೆಯ ಹದಿನಾಲ್ಕು ಸ್ಕ್ರೀನ್‌ಶಾಟ್ ಲಗತ್ತಿಸಿದೆ. ಕೆಲವೇ ದಿನದಲ್ಲಿ ದೂರು ಮುಚ್ಚಿತು. ಕಾರಣ ಒಂದೇ ಸಾಲು: ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿಲ್ಲ.

ಮೂರು ತಿಂಗಳು ಬ್ಯಾಂಕಿಗೆ ಅಲೆದಿದ್ದು ದೂರು ಅಲ್ವಾ? ಅಲ್ಲ. ಬ್ಯಾಂಕಿನ ಮೇಲಿನ ಗ್ರಾಹಕರ ದೂರು ವಿಚಾರಿಸೋಕೆ ರಿಸರ್ವ್ ಬ್ಯಾಂಕ್ ಮಾಡಿರೋ ಒಂಬುಡ್ಸ್‌ಮನ್ ಯೋಜನೆಯ ಹೊಸ್ತಿಲೇ ಇದು. ಸಾಲ ಕೊಟ್ಟ ಸಂಸ್ಥೆಗೆ ಮೊದಲು ಬರವಣಿಗೆಯಲ್ಲಿ ದೂರು ಹೋಗಿರಬೇಕು. ಆಮೇಲೆ ಅವರು ದೂರನ್ನು ತಳ್ಳಿಹಾಕಿರಬೇಕು, ಇಲ್ಲವೇ ಅವರ ಉತ್ತರ ನಮಗೆ ಒಪ್ಪಿಗೆ ಆಗಿರಬಾರದು, ಇಲ್ಲವೇ 30 ದಿನ ಕಳೆದರೂ ಉತ್ತರವೇ ಬಂದಿರಬಾರದು. ಶಾಖೆಯಲ್ಲಿ ಎಷ್ಟು ಸಲ ಕೂತು ಬಂದಿರಿ ಅನ್ನೋದು ಲೆಕ್ಕಕ್ಕಿಲ್ಲ.

ಹಾಗಾಗಿ ಜುಲೈ 16ಕ್ಕೆ ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಹಾಕಿದೆವು. ಈ ಸಲ ಸಿಟ್ಟು ಪಕ್ಕಕ್ಕಿಟ್ಟು ನಾಲ್ಕೇ ಸಾಲು ಬರೆದೆ. ಸಾಲದ ಖಾತೆ ಸಂಖ್ಯೆ, ತೀರಿದ ದಿನ, ಕಾಗದ ಸಿಕ್ಕ ದಿನ, ಎಷ್ಟು ಹಣ ಬರಬೇಕು. ಅವರಿಂದ ದೂರು ಸಂಖ್ಯೆ ಬಂತು. ಆಗಸ್ಟ್ 9ಕ್ಕೆ ಉತ್ತರವೂ ಬಂತು: ಸಾಗಣೆಯಲ್ಲಿ ತಡ ಆಗಿದೆ, ವಿಷಾದಿಸುತ್ತೇವೆ. ಪರಿಹಾರದ ಬಗ್ಗೆ ಒಂದಕ್ಷರ ಇಲ್ಲ. ಚಿಕ್ಕಪ್ಪ ಓದಿ ಬೇಜಾರು ಮಾಡಿಕೊಂಡರು. ನನಗೆ ಖುಷಿ ಆಯಿತು. ತಡ ಆಗಿದ್ದು ತಮ್ಮ ಕಡೆಯಿಂದ ಅಂತ ಅವರೇ ಬರೆದುಕೊಟ್ಟಿದ್ದರು! ಉತ್ತರ ಬಂದುಬಿಟ್ಟರೆ 30 ದಿನ ಕಾಯೋದೂ ಬೇಡ. ಐದೇ ದಿನಕ್ಕೆ ಮತ್ತೆ ದೂರು ಹಾಕಿದೆವು. ನಮ್ಮ ಸಮಯದಲ್ಲಿ ಉತ್ತರ ಬಂದ ಮೇಲೆ ಒಂದು ವರ್ಷ ಕಾಲಾವಕಾಶ ಇತ್ತು. ಆದರೆ ಯೋಜನೆಯ ನಿಯಮ ಆಗಾಗ ಬದಲಾಗುತ್ತೆ. ಅದನ್ನು ನಂಬಿಕೊಂಡು ಕೂರಬೇಡಿ, ಅದೇ ವಾರ ಹಾಕಿಬಿಡಿ.

ಎರಡನೇ ಸಲ ಲಗತ್ತಿಸಿದ್ದು ಹದಿನಾಲ್ಕಲ್ಲ, ಆರು. ಮೊದಲನೆಯದು ಬ್ಯಾಂಕಿಗೆ ಕಳಿಸಿದ ಇಮೇಲ್, ಕಳಿಸಿದ ದಿನಾಂಕ ಮತ್ತು ದೂರು ಸಂಖ್ಯೆ ಕಾಣೋ ಹಾಗೆ. ಎರಡನೆಯದು ಅವರ ಉತ್ತರ. ಈ ಎರಡು ಇಲ್ಲದೆ ಮಿಕ್ಕಿದ್ದು ಏನಿದ್ದರೂ ದಂಡ. ಆಮೇಲೆ ಸಾಲ ತೀರಿದೆ ಅಂತ ಬ್ಯಾಂಕ್ ಕೊಟ್ಟ ಪತ್ರ, ಬಾಕಿ ಸೊನ್ನೆ ಅಂತ ತೋರಿಸೋ ಸ್ಟೇಟ್‌ಮೆಂಟಿನ ಕೊನೇ ಪುಟ. ಹತ್ತು ವರ್ಷದ ಸ್ಟೇಟ್‌ಮೆಂಟು ಯಾರಿಗೂ ಬೇಡ. ಐದನೆಯದು ಅರ್ಧ ಹಾಳೆಯ ದಿನದ ಲೆಕ್ಕ.

ಆರನೆಯದು ಕಾಗದ ವಾಪಸ್ ಪಡೆದಾಗ ಸಹಿ ಹಾಕಿದ ಸ್ವೀಕೃತಿ. ಇದರ ಕಥೆ ಹೇಳಲೇಬೇಕು. ಜುಲೈ 2ರಂದು ಶಾಖೆಯಲ್ಲಿ ಒಂದು ಫಾರಂ ಮುಂದಿಟ್ಟು "ಇಲ್ಲಿ ಸಹಿ ಮಾಡಿ ಸರ್" ಅಂದರು. ದಿನಾಂಕದ ಜಾಗ ಖಾಲಿ ಇತ್ತು. ಚಿಕ್ಕಪ್ಪ ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವರು. ಖಾಲಿ ಜಾಗ ಕಂಡರೆ ಕೈ ಸುಮ್ನಿರಲ್ಲ. ಸಹಿ ಕೆಳಗೆ ಗುಂಡುಗುಂಡಾಗಿ 2-7-2024 ಅಂತ ಬರೆದು, "ನಂಗೊಂದು ಜೆರಾಕ್ಸ್ ಕೊಡಮ್ಮ" ಅಂತ ಇಸ್ಕೊಂಡು ಬಂದಿದ್ದರು. ಆ ಚೀಟಿ ಇಲ್ಲದಿದ್ದರೆ ಕಾಗದ ಯಾವತ್ತು ಸಿಕ್ಕಿತು ಅನ್ನೋದಕ್ಕೆ ನಮ್ಮ ಬಾಯಿಮಾತು ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಪರಿಚಯದ ವಕೀಲರೊಬ್ಬರು "ನಾನೇ ಹಾಕಿಕೊಡ್ತೀನಿ" ಅಂದಿದ್ದರು. ಒಳ್ಳೇ ಮನಸ್ಸಿನಿಂದಲೇ. ಆದರೆ ಇಲ್ಲಿ ವಕೀಲರ ಮೂಲಕ ದೂರು ಹಾಕೋ ಹಾಗಿಲ್ಲ. ಸ್ವತಃ ಹಾಕಬೇಕು, ಇಲ್ಲಾ ವಕೀಲರಲ್ಲದ ಪ್ರತಿನಿಧಿಗೆ ಅಧಿಕಾರ ಬರೆದುಕೊಡಬೇಕು. ಅದೇ ವಿಷಯಕ್ಕೆ ಕೋರ್ಟಿನಲ್ಲಿ ಕೇಸ್ ನಡೀತಾ ಇದ್ದರೂ ತೆಗೆದುಕೊಳ್ಳಲ್ಲ. ಸಾಲ ಕೊಟ್ಟಿದ್ದು ಬ್ಯಾಂಕ್ ಅಲ್ಲ, ಹೌಸಿಂಗ್ ಫೈನಾನ್ಸ್ ಕಂಪನಿ ಅಂದರೆ ದೂರು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ಹೋಗಬೇಕು. ಬ್ಯಾಂಕಿನ ಹೆಸರೂ ಇಂಥ ಕಂಪನಿಯ ಹೆಸರೂ ಎಷ್ಟೋ ಸಲ ಒಂದೇ ಥರ ಇರುತ್ತೆ. ಸಾಲದ ಮಂಜೂರಾತಿ ಪತ್ರದ ಮೇಲೆ ಕಂಪನಿಯ ಪೂರ್ತಿ ಹೆಸರು ಓದಿ ನೋಡಿ. ಇಂಟರ್ನೆಟ್ ಬೇಡ ಅನ್ನೋರು ಚಂಡೀಗಢದಲ್ಲಿರೋ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. ಮಾಹಿತಿ ಬೇಕಾದರೆ 14448ಕ್ಕೆ ಫೋನ್ ಮಾಡಬಹುದು.

ಈ ಸಲ ದೂರು ತಗೊಂಡರು. ಒಂಬುಡ್ಸ್‌ಮನ್ ಕಚೇರಿಯವರು ಬ್ಯಾಂಕಿನಿಂದ ವಿವರಣೆ ಕೇಳಿದರು. ಬ್ಯಾಂಕ್ ಒಂದು ಹೊಸ ವಿಷಯ ಮುಂದಿಟ್ಟಿತು: ಜೂನ್ 20ಕ್ಕೇ "ನಿಮ್ಮ ದಾಖಲೆ ಸಿದ್ಧವಿದೆ, ಶಾಖೆಗೆ ಬನ್ನಿ" ಅಂತ ಎಸ್ಸೆಮ್ಮೆಸ್ ಹೋಗಿದೆ. ಸುಳ್ಳು ಅಂದುಕೊಂಡು ಚಿಕ್ಕಪ್ಪನ ಮೊಬೈಲ್ ತೆಗೆದು ನೋಡಿದೆ. ಓದದೇ ಬಿಟ್ಟ ಮೆಸೇಜ್ ಸಾವಿರಕ್ಕೂ ಜಾಸ್ತಿ. ರೀಚಾರ್ಜು, ಸೀರೆ ರಿಯಾಯಿತಿ, ಅದರ ನಡುವೆ ಇದೂ ಇತ್ತು. ಜೂನ್ 20, ಬೆಳಗ್ಗೆ ಹನ್ನೊಂದೂಕಾಲು.

ಅಲ್ಲಿಂದಾಚೆಗಿನ ತಡ ಅವರದು ಅಂತ ವಾದಿಸೋಕೆ ನನಗೂ ಮುಖ ಇರಲಿಲ್ಲ. ಏಪ್ರಿಲ್ 11ರಿಂದ ಜೂನ್ 19ರವರೆಗೆ 70 ದಿನ. 3,50,000 ರೂಪಾಯಿಗೆ ರಾಜಿ ಆಯಿತು. ಹಣ ಖಾತೆಗೆ ಬಂತು.

ಚಿಕ್ಕಪ್ಪ ಮಾತ್ರ ಉಳಿದ ಹನ್ನೆರಡು ದಿನದ ಅರವತ್ತು ಸಾವಿರ ಇನ್ನೂ ಮರೆತಿಲ್ಲ. ಈಗ ಪ್ರತಿ ಮೆಸೇಜೂ ಓದುತ್ತಾರೆ. ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ, "ಇದೇನೋ ಸೀರೆ ಅಂಗಡಿಯಿಂದ ಬಂದಿದೆ, ನೋಡಪ್ಪ, ಮುಖ್ಯವಾದ್ದು ಇರಬಹುದಾ?" ಅಂತ ಕೇಳಿದರು.